ಸಹಿ ನನ್ನದು, ಕುರ್ಚಿ ಅವರದು

ಶಹಾಪುರದ ನಮ್ಮ ರೈತರ ಕಂಪನಿಗೆ ನಾನು ನಿರ್ದೇಶಕಿಯಾಗಿ ಆಯ್ಕೆಯಾದಾಗ ಹಾರ ಬಿದ್ದದ್ದು ನನ್ನ ಗಂಡನ ಕೊರಳಿಗೆ. ನಮ್ಮ ಕಡೆ ಅದೇನು ಹೊಸದಲ್ಲ. ಹೆಂಡತಿ ಪಂಚಾಯಿತಿ ಮೆಂಬರಾದರೆ ಜನ ಮೆಂಬರ್ ಸಾಹೇಬರೇ ಎಂದು ಕರೆಯುವುದು ಗಂಡನನ್ನು.

ಆಡಳಿತ ಮಂಡಳಿಯ ಮೊದಲ ಸಭೆಯಲ್ಲೇ, ಹಳೆಯ ನಿರ್ದೇಶಕರ ಬದಲು ಚೆಕ್ಕಿಗೆ ನಾನು ಸಹಿ ಮಾಡಬೇಕೆಂದು ಠರಾವು ಆಯಿತು. ಮಾದರಿ ಸಹಿ ಬ್ಯಾಂಕಿಗೆ ಹೋದ ಮೇಲೆ, ಠರಾವನ್ನು ವಿವರಿಸುತ್ತೇನೆಂದು ಕಂಪನಿಯ ಮ್ಯಾನೇಜರ್ ಆಫೀಸಿಗೆ ಕರೆದರು. ಅವರ ಎದುರಿನ ಕುರ್ಚಿಯಲ್ಲಿ ನನ್ನ ಗಂಡ ಕೂತರು. ನಾನು ಗೋಡೆಯ ಬದಿಯ ಬೆಂಚಿನ ಮೇಲೆ, ಸೆರಗು ಸರಿಮಾಡಿಕೊಳ್ಳುತ್ತ.

ಮ್ಯಾನೇಜರ್ ಚೆನ್ನಾಗಿಯೇ ಹೇಳಿದರು, ಆದರೆ ನನ್ನ ಗಂಡನಿಗೆ. ಪ್ರತಿ ಚೆಕ್ಕಿಗೂ ಮ್ಯಾನೇಜರ್ ಮತ್ತು ನಿರ್ದೇಶಕಿ, ಇಬ್ಬರ ಸಹಿಯೂ ಬೇಕು. ಒಂದು ಖರೀದಿ ಒಂದು ಲಕ್ಷ ದಾಟಿದರೆ ಮೊದಲು ಮಂಡಳಿಯ ಸಭೆ ಒಪ್ಪಬೇಕು. ಈ ಅಧಿಕಾರವನ್ನು ನಿರ್ದೇಶಕಿ ತಾನಾಗಿ ಮತ್ತೊಬ್ಬರ ಕೈಗೆ ಕೊಡುವಂತಿಲ್ಲ. ಈ ಕೊನೆಯ ಮಾತನ್ನೂ ನನ್ನ ಗಂಡನ ಮುಖ ನೋಡಿಯೇ ಹೇಳಿದರು. ಅವರೂ ಗಂಭೀರವಾಗಿ ತಲೆ ಆಡಿಸಿದರು. 

ಆಮೇಲೆ ಮ್ಯಾನೇಜರ್ ಎರಡು ಚೆಕ್ಕು ಮುಂದಿಟ್ಟರು. ಹತ್ತಿ ತುಂಬುವ ಚೀಲಗಳಿಗೆ, ಒಂದೊಂದೂ ಎಂಬತ್ತು ಸಾವಿರದ್ದು, ಎರಡೂ ಒಬ್ಬನೇ ವ್ಯಾಪಾರಿಯ ಹೆಸರಿಗೆ.

“ಹಾಕು,” ಎಂದರು ನನ್ನ ಗಂಡ, ಪೆನ್ನು ಚಾಚಿ.

ಪೆನ್ನು ಹಿಡಿದು ಕೇಳಿದೆ, “ಇದು ಒಂದ ಖರೀದಿ ಏನ್ರಿ, ಎರಡಾ?”

“ಒಂದರಿ ಅಕ್ಕಾರ. ಸಭಾ ಕರಿಯಾಕ ತಡ ಆಗ್ತದಂತ ಬಿಲ್ ಎರಡು ಮಾಡಿಸೇವಿ,” ಎಂದರು ಮ್ಯಾನೇಜರ್.

“ಆಕಿಗಿ ಇದೆಲ್ಲ ತಿಳಿಯಂಗಿಲ್ರಿ,” ಎಂದು ನನ್ನ ಗಂಡ ನಕ್ಕರು.

ತಿಳಿದಿತ್ತು. ತಿಳಿದೂ ಸಹಿ ಹಾಕಿದರೆ ನಾಳೆ ಉತ್ತರ ಕೊಡಬೇಕಾದವಳು ನಾನು. ಸಭೆ ಕರೆಯಿರಿ ಎಂದು ಪೆನ್ನು ಮೇಜಿನ ಮೇಲಿಟ್ಟೆ. ಮ್ಯಾನೇಜರ್ ತಲೆ ತಗ್ಗಿಸಿ ಚೆಕ್ಕುಗಳನ್ನು ಮೇಜಿನ ಡ್ರಾಯರಿನೊಳಗೆ ಇಟ್ಟರು. ಕೆಟ್ಟವರೇನಲ್ಲ, ಪಾಪ; ಹತ್ತಿ ಬರುವ ಹೊತ್ತಿಗೆ ಚೀಲ ಇಲ್ಲದಿದ್ದರೆ ಬೈಸಿಕೊಳ್ಳುವವರು ಅವರೇ.

ಮನೆಗೆ ಬರುವಾಗ ನನ್ನ ಗಂಡ ಬೈಕು ಜೋರಾಗಿ ಓಡಿಸಿದರು. ಬೈಕಿನ ಹಿಂದೆ ಕೂತ ನಾನು ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ. ಸರಿ ಮಾಡಿದವಳಿಗೆ ಯಾಕೆ ನಾಚಿಕೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ನಮ್ಮಂಥ ಊರಲ್ಲಿ ಗಂಡನ ಮಾತು ಬಿದ್ದುಹೋದರೆ ಹೆಂಡತಿಯ ಮುಖವೇ ಮೊದಲು ಬಾಡುತ್ತದೆ.

ಸಭೆಯ ದಿನ ಅವರೇ ಬೈಕು ಹೊರಗೆ ತೆಗೆದರು. ಬಾಗಿಲ ತನಕ ಬಿಡಿ ಸಾಕು, ಒಳಗೆ ನಾನೊಬ್ಬಳೇ ಹೋಗುತ್ತೇನೆ ಎಂದೆ.

ಅವರು ಬೈಕಿನ ಸ್ಟ್ಯಾಂಡ್ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು, “ಹೊರಗ ನಾ ಏನಂತ ಕೂಡ್ಲಿ?”

ಆ ಬೆಂಚಿನ ಮೇಲೆ ನಾನು ಏನಂತ ಕೂತಿದ್ದೆನೋ ಹಾಗೆ, ಎನ್ನಬೇಕೆನಿಸಿತು. ಅವರ ಮುಖ ನೋಡಿದೆ. ಅದನ್ನು ಹೇಳದೆ ಬೈಕಿನ ಹಿಂದೆ ಹತ್ತಿ ಕೂತೆ.