ಹೆಂಡತಿಯ ಅಕೌಂಟಿನಲ್ಲಿದ್ದ ಕೀ

ಪೀಣ್ಯದಲ್ಲಿ ಯಂತ್ರಗಳ ಸೋರಿಕೆ ತಡೆಯುವ ಗ್ಯಾಸ್ಕೆಟ್ ಕತ್ತರಿಸಿಕೊಡುವ ನನ್ನ ಅಂಗಡಿಯ ಲ್ಯಾಪ್‌ಟಾಪ್‌ಗೆ ಅದನ್ನು ಮಾರಿದ ಕಂಪನಿಯವರೇ ಹೊಸ ಮದರ್‌ಬೋರ್ಡ್ ಹಾಕಿಕೊಟ್ಟರು. ಅಂದಿನಿಂದ ಅದು ತೆರೆಯದೆ ನಲವತ್ತೆಂಟು ಅಂಕಿಯ ರಿಕವರಿ ಕೀ ಕೇಳತೊಡಗಿತು. ಗಿರಾಕಿಗಳ ಹಳೆಯ ಯಂತ್ರಗಳ ಅಳತೆಗಳೆಲ್ಲ ಅದರಲ್ಲಿದ್ದವು. ಅವನ್ನು ತುಂಬಿದವಳು ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿ.

ಬಿಲ್ಲು, ಪರದೆಯ ಫೋಟೊ ಲಗತ್ತಿಸಿ ಕಂಪನಿಗೆ ಇಮೇಲ್ ಬರೆದೆ: "ನಿಮ್ಮ ಕೆಲಸದಿಂದಾದ ತೊಂದರೆ, ನೀವೇ ಸರಿಪಡಿಸಿ."

ಅಲ್ಲಿಂದ ಒಬ್ಬಳು ಎಂಜಿನಿಯರ್ ಫೋನ್ ಮಾಡಿದಳು. "ಸಾರ್, ಡೇಟಾ ಎಲ್ಲೂ ಹೋಗಿಲ್ಲ, ಬೀಗ ಬಿದ್ದಿದೆ ಅಷ್ಟೇ. ಬೋರ್ಡ್ ಬದಲಾದ್ರೆ ಕೀ ಕೇಳುತ್ತೆ. ಅದು ನಮ್ಮತ್ರ ಇರಲ್ಲ. ಲ್ಯಾಪ್‌ಟಾಪ್ ಯಾರ ಅಕೌಂಟಲ್ಲಿ ಶುರು ಮಾಡಿದ್ರಿ?"

"ನಮ್ಮ ಮನೆಯವರದು."

"ಹಾಗಾದ್ರೆ ಕೀ ಅದ್ರಲ್ಲೇ ಇರುತ್ತೆ. ಅವರ ನಂಬರಿಗೆ ಓಟಿಪಿ ಬರುತ್ತೆ, ನೋಡಿ ಸಾರ್."

ಆ ಸಿಮ್ಮನ್ನು ನಾನೇ ರದ್ದು ಮಾಡಿಸಿದ್ದೆ. ಅವಳ ತಿಥಿಕಾರ್ಯ ಮುಗಿದ ಮರುದಿನವೇ ಪಟ್ಟಿ ಹಿಡಿದು ಹೊರಟು, ಬ್ಯಾಂಕು, ರೇಷನ್ ಕಾರ್ಡು, ಸಿಮ್ಮು ಎಂದು ಒಂದೊಂದಕ್ಕೂ ಟಿಕ್ ಹಾಕಿದ್ದೆ. ಆ ನಂಬರ್ ಈಗಿಲ್ಲ ಎಂದೆ.

"ಕೀನ ಎಲ್ಲಾದ್ರೂ ಪ್ರಿಂಟ್ ತೆಗೆದಿಟ್ಟಿದ್ರಾ ಸಾರ್?"

"ಇಲ್ಲಮ್ಮ."

ತಪ್ಪು ನಿಮ್ಮದಲ್ಲ ಎಂದು ಎರಡನೆಯ ಇಮೇಲ್ ಕಳಿಸಿದೆ. ಆಮೇಲೆ ಕಪಾಟಿನಿಂದ ಗ್ಯಾಸ್ಕೆಟ್ಟುಗಳ ಹಳೆಯ ಮಾದರಿಗಳನ್ನು ಇಳಿಸಿ, ಹೆಂಡತಿಯ ಕುರ್ಚಿಯಲ್ಲಿ ಕುಳಿತು, ಮೊದಲನೆಯದರಿಂದ ಅಳೆಯತೊಡಗಿದೆ.