ಬೂದು ಹಾಳೆಯ ಮೇಲಿನ ಬಿಳಿ ಚುಕ್ಕೆಗಳು

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಗೆ ಕ್ಯಾಮೆರಾ ಕೂರಿಸಿಕೊಟ್ಟವಳು ನಾನೇ. ಆಗ ಶಿವಮೊಗ್ಗದ ಕಾಲೇಜೊಂದರಲ್ಲಿ ಇಮೇಜ್ ಪ್ರೊಸೆಸಿಂಗ್ ಪಾಠ ಮಾಡುತ್ತಿದ್ದೆ. ಎರಕ ಹೊಯ್ದು ಉಜ್ಜಿ ನಯಮಾಡಿದ ಕಬ್ಬಿಣದ ಬಿಲ್ಲೆಗಳು ಕ್ಯಾಮೆರಾದ ಕೆಳಗೆ ಹಾದುಹೋಗುತ್ತಿದ್ದವು. ಅವುಗಳ ಮೈಮೇಲೆ ಸೂಜಿಮೊನೆಯಷ್ಟು ತೂತಿದ್ದರೂ ನನ್ನ ಪ್ರೋಗ್ರಾಂ ಹಿಡಿಯಬೇಕಿತ್ತು. ಮೊದಲ ತಿಂಗಳು ಎಲ್ಲ ಸರಿಯಾಗಿತ್ತು.

ಆಮೇಲೆ ಒಂದು ಮಧ್ಯಾಹ್ನ ಆ ಫೌಂಡ್ರಿಯ ಅಚ್ಚಿನ ಮೇಸ್ತ್ರಿ ಟವೆಲ್ಲಿನಲ್ಲಿ ಬಿಲ್ಲೆಯೊಂದನ್ನು ಸುತ್ತಿಕೊಂಡು, ಬಸ್ಸು ಹಿಡಿದು ಕಾಲೇಜಿಗೇ ಬಂದರು. ಮರಳಿನ ಅಚ್ಚು ಕಟ್ಟುವುದರಲ್ಲಿ ಮೂವತ್ತು ವರ್ಷ ಕಳೆದವರು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತರು.

"ಇದರಲ್ಲಿ ತೂತು ಎಲ್ಲಿದೆ ತೋರಿಸಿ ಮೇಡಂ. ನಿಮ್ಮ ಕ್ಯಾಮೆರಾ ಹತ್ತರಲ್ಲಿ ನಾಲ್ಕು ರಿಜೆಕ್ಟ್ ಮಾಡ್ತಿದೆ. ಮರಳಲ್ಲಿ ನೀರು ಜಾಸ್ತಿ ಆಗಿದೆ, ಅದಕ್ಕೇ ಗಾಳಿ ತೂತು ಬೀಳ್ತಿದೆ ಅಂತ ಸಾಹುಕಾರ್ರು ನನ್ನನ್ನ ಲಾರಿ ಲೋಡಿಂಗಿಗೆ ಹಾಕಿದಾರೆ. ನಾನು ಮುಷ್ಟೀಲಿ ಹಿಡಿದು ತೇವ ನೋಡದೇ ಮರಳು ತುಂಬಲ್ಲ."

ಭೂತಗನ್ನಡಿ ಹಿಡಿದು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ತೂತಿರಲಿಲ್ಲ.

ಮರುದಿನ ರಜೆ ಹಾಕಿ ಭದ್ರಾವತಿಗೆ ಹೋದೆ. ಪ್ರೋಗ್ರಾಂ ಉಳಿಸಿಟ್ಟಿದ್ದ ಚಿತ್ರಗಳಲ್ಲಿ ಅಲ್ಲಲ್ಲಿ ಮಸುಕಾದ ಕಪ್ಪು ಕಲೆಗಳಿದ್ದವು. ಆದರೆ ಅವು ನನ್ನ ಪ್ರೋಗ್ರಾಂ ಸೋಸಿ ನಯಗೊಳಿಸಿದ ಮೇಲಿನ ಚಿತ್ರಗಳು. ಕ್ಯಾಮೆರಾದಿಂದ ನೇರ ಬಂದದ್ದನ್ನು ನಾನು ಮತ್ತೆ ನೋಡಿಯೇ ಇರಲಿಲ್ಲ.

ಬಿಲ್ಲೆಯ ಜಾಗದಲ್ಲಿ ಒಂದು ಬೂದುಬಣ್ಣದ ಹಾಳೆ ಇಟ್ಟೆ. ಹಾಳೆ ಪೂರ್ತಿ ಒಂದೇ ಬಣ್ಣ. ಆದ್ದರಿಂದ ಚಿತ್ರದಲ್ಲಿ ಕಾಣುವ ಏರಿಳಿತವೆಲ್ಲ ಕ್ಯಾಮೆರಾ ಸೇರಿಸಿದ ಸುಳ್ಳು ಚುಕ್ಕೆಗಳು, ನಾವು ಪಾಠದಲ್ಲಿ 'ಗದ್ದಲ' ಎನ್ನುವುದೇ. ಅದರ ಹಿಸ್ಟೋಗ್ರಾಂ ತೆಗೆದೆ: ಯಾವ ಬೆಳಕಿನ ಚುಕ್ಕೆಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ, ಎಡತುದಿ ಕಡುಕಪ್ಪು, ಬಲತುದಿ ಅಚ್ಚಬಿಳಿ. ಗದ್ದಲ ಗಂಟೆಯಾಕಾರದ ಜಾತಿಯದಾದರೆ ನಕ್ಷೆ ನಡುವೆ ಉಬ್ಬಿ ಎರಡೂ ಕಡೆ ಇಳಿಯುತ್ತದೆ. ಸಮನಾಗಿ ಹರಡಿದ್ದಾದರೆ ಇಟ್ಟಿಗೆಯ ಹಾಗೆ ತಲೆ ಚಪ್ಪಟೆ. ಇದನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಪರದೆಯ ಮೇಲೆ ನಡುವೆ ಸಣ್ಣ ಗಂಟೆಯೇನೋ ಇತ್ತು. ಅದರ ಜೊತೆ ಎರಡೂ ತುದಿಗಳಲ್ಲಿ ಒಂದೊಂದು ಕಂಬ ನಿಂತಿತ್ತು. ಕೆಲವು ಚುಕ್ಕೆಗಳು ಪೂರ್ತಿ ಕಪ್ಪು, ಕೆಲವು ಪೂರ್ತಿ ಬಿಳಿ. ಉಪ್ಪು, ಕರಿಮೆಣಸಿನ ಪುಡಿ ಉದುರಿಸಿದಂತೆ.

"ತೂತು ಯಾವತ್ತಾದ್ರೂ ಬೆಳ್ಳಗಿರುತ್ತಾ?" ಎಂದು ಹಿಂದೆ ನಿಂತಿದ್ದ ಮೇಸ್ತ್ರಿಯನ್ನು ಕೇಳಿದೆ.

"ಎಲ್ಲಾದ್ರೂ ಉಂಟಾ ಮೇಡಂ! ಅದೂ ಇದು ಬರೀ ಹಾಳೆ."

ಅಷ್ಟರಲ್ಲಿ ಪಕ್ಕದ ಗ್ರೈಂಡಿಂಗ್ ಮಷೀನ್ ನಿಂತಿತು. ಇನ್ನೊಂದು ಚಿತ್ರ ತೆಗೆದೆ. ಕಂಬಗಳು ಮಾಯ, ಗಂಟೆ ಮಾತ್ರ ಉಳಿದಿತ್ತು. ಮಷೀನ್ ಹಾಕಿಸಿದೆ, ಮತ್ತೆ ಕಂಬಗಳು. ಆ ಮಷೀನನ್ನು ಇತ್ತೀಚೆಗೆ ಅಲ್ಲಿಗೆ ತಂದು, ಅದರ ವಿದ್ಯುತ್ ತಂತಿಯನ್ನು ಕ್ಯಾಮೆರಾದ ಕೇಬಲ್ಲಿಗೆ ಒತ್ತಿಕೊಂಡೇ ಎಳೆದಿದ್ದರು. ನಾನು ಮೊದಲು ಪರೀಕ್ಷೆ ಮಾಡಿದ್ದು ಯಂತ್ರಗಳೆಲ್ಲ ನಿಂತಿದ್ದ ಭಾನುವಾರ. ಅವತ್ತು ಕಂಡದ್ದು ಬರೀ ಗಂಟೆ. ಅದಕ್ಕೆ ಸರಿಹೊಂದುವಂತೆ ಅಕ್ಕಪಕ್ಕದ ಒಂಬತ್ತು ಚುಕ್ಕೆಗಳ ಸರಾಸರಿ ತೆಗೆಯುವ ಸೋಸುಕ, ಅಂದರೆ ಫಿಲ್ಟರ್, ಹಾಕಿದ್ದೆ. ಈಗ ಅದೇ ಸೋಸುಕ ಒಂದು ಸುಳ್ಳು ಕರಿಚುಕ್ಕೆಯನ್ನು ಅಕ್ಕಪಕ್ಕಕ್ಕೆಲ್ಲ ಬಳಿದು, ತೂತಿನಷ್ಟು ಅಗಲ ಮಾಡುತ್ತಿತ್ತು.

ಸಾಹುಕಾರರನ್ನು ಕರೆದು ಹೇಳಿದೆ: "ತಪ್ಪು ಮರಳಿಂದಲ್ಲ ಸರ್. ಇವರದ್ದೂ ಅಲ್ಲ. ನನ್ನದು."

ಅವರು ಪರದೆಯನ್ನೂ ಮೇಸ್ತ್ರಿಯನ್ನೂ ನೋಡಿದರು. "ಮತ್ತೆ ಹದಿನೈದು ದಿನದಿಂದ ಇವರನ್ನ ಬಿಸಿಲಲ್ಲಿ ನಿಲ್ಸಿದ್ನಲ್ಲ ಮಾರಾಯ್ರೆ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಕೇಬಲ್ಲನ್ನು ಬೇರೆ ದಾರಿಯಲ್ಲಿ ಎಳೆಸಿದೆವು. ಮುನ್ನೆಚ್ಚರಿಕೆಗೆ ಸೋಸುಕವನ್ನೂ ಬದಲಾಯಿಸಿದೆ. ಹೊಸದು ಒಂಬತ್ತು ಚುಕ್ಕೆಗಳ ಬೆಳಕಿನ ಅಳತೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ತುದಿಯಲ್ಲಿ ನಿಲ್ಲುವ ಒಂಟಿ ಕಪ್ಪು, ಒಂಟಿ ಬಿಳಿ ತಾವಾಗಿ ಬಿದ್ದುಹೋಗುತ್ತವೆ. ನಿಜವಾದ ತೂತುಗಳೂ ಹೋಗಿಬಿಟ್ಟರೆ ಎಂಬ ಭಯವಿತ್ತು. ಮೇಸ್ತ್ರಿಯೇ ಗುಜರಿ ರಾಶಿಯಿಂದ ತೂತುಬಿದ್ದ ಹಳೆಯ ಬಿಲ್ಲೆಯೊಂದನ್ನು ಹುಡುಕಿ ತಂದಿಟ್ಟರು. ಚಿತ್ರದಲ್ಲಿ ಆ ತೂತು ಹಲವು ಚುಕ್ಕೆಗಳಷ್ಟು ಅಗಲವಿತ್ತು. ಪ್ರೋಗ್ರಾಂ ಅದನ್ನು ಹಿಡಿಯಿತು. ರಿಜೆಕ್ಟ್ ಆಗಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟೆವು. ಒಂದೆರಡು ಬಿಟ್ಟು ಎಲ್ಲ ಪಾಸಾದವು.

ಮೇಸ್ತ್ರಿ ನೇರ ತಮ್ಮ ಅಚ್ಚಿನ ಶೆಡ್ಡಿಗೆ ಹೋಗಿ ಯಾರೋ ಕಲಸಿಟ್ಟಿದ್ದ ಮರಳನ್ನು ಮುಷ್ಟಿಯಲ್ಲಿ ಉಂಡೆಮಾಡಿ ಮುರಿದು ನೋಡಿ, "ಇದೇನ್ರಪ್ಪಾ ಇದು, ಇಡ್ಲಿ ಹಿಟ್ಟಾ?" ಎಂದು ಗದರಿಸಿದ್ದು ಹೊರಗೆ ನಿಂತಿದ್ದ ನನಗೆ ಕೇಳಿಸಿತು. ನಗು ತಡೆಯಲಾಗಲಿಲ್ಲ. ಹಿಂದಿನ ದಿನದಿಂದ ಸರಿಯಾಗಿ ಉಣ್ಣದಿದ್ದ ನಾನು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಹೊಟ್ಟೆತುಂಬ ಊಟ ಮಾಡಿ ಶಿವಮೊಗ್ಗದ ಬಸ್ಸು ಹತ್ತಿದೆ.