ಅವ್ವ ಕಳಿಸಿದ ಸ್ಕೋರು

ಹತ್ತಿಮತ್ತೂರಿನ ಸೋದರಮಾವ ಶಿಗ್ಗಾವಿಯ ನನ್ನ ಫ್ಲೆಕ್ಸ್ ಅಂಗಡಿಗೆ ಬಂದವರು ಕುರ್ಚಿ ಹಾಕಿದರೂ ಕೂರಲಿಲ್ಲ.

"ಯವ್ವಾ, ತಲಿ ಡಾಕ್ಟರು ಯಾರರ ಗೊತ್ತದಾರೇನು ನಿನಗ? ನಮ್ಮಪ್ಪಗ ಆದಂಗ ನನಗೂ ಮರವು ಸುರು ಆಗೇತಿ."

ನಾನು ಗಾಬರಿಯಾದೆ. ಕಾರಣ ಕೇಳಿದರೆ ಕ್ರಿಕೆಟ್ಟಿನ ಮಾತು ತೆಗೆದರು.

ಮಾಸೂರಿನಲ್ಲಿರುವ ನನ್ನವ್ವ ಮತ್ತು ಅವಳ ಈ ಅಣ್ಣ ಮ್ಯಾಚಿನ ವಿಷಯಕ್ಕೆ ಫೋನಿನಲ್ಲಿ ಜಗಳಾಡುವುದು ನಮ್ಮ ಮನೆಯಲ್ಲಿ ಹಳೆಯ ಸಂಗತಿ. ಹಿಂದಿನ ವಾರದ ಪಂದ್ಯವನ್ನು ಗೆದ್ದದ್ದು ಮೂರು ವಿಕೆಟ್‌ನಿಂದ ಎಂದು ಮಾವ, ಐದರಿಂದ ಎಂದು ಅವ್ವ ಹಟ ಹಿಡಿದಿದ್ದರು. ಸೋತವರು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ 'ನನಗ ಕ್ರಿಕೆಟ್ ತಿಳಿಯೂದಿಲ್ಲ' ಎಂದು ಬರೆಯಬೇಕೆಂಬುದು ಪಂಥ. ಅವ್ವ ಸ್ಕೋರು ತೋರಿಸುವ ಆ್ಯಪಿನ ಸ್ಕ್ರೀನ್‌ಶಾಟ್ ಕಳಿಸಿದಳು. ಮಾವ ಮಾತಿನಂತೆ ಬರೆದರು. ನಾವೆಲ್ಲ ನಗುವ ಗೊಂಬೆಗಳನ್ನು ಒತ್ತಿದೆವು.

"ಏಳನೇ ವಿಕೆಟ್ ಬಿದ್ದದ್ದು ಕಣ್ಣಾರೆ ನೋಡೇನಿ. ನನಗ ಸಿಟ್ಟು ಬಂದು ಟಿವಿ ಬಂದ್ ಮಾಡಿ, ಮತ್ತ ಹಚ್ಚಿದ್ನಿ. ಅದೂ ಕನಸೇನು?"

ಮಾವನ ಫೋನಿನಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿದೆ. ಮೊದಲು ಆಡಿದವರದು 170/5, ಬೆನ್ನಟ್ಟಿದವರದು 173/5. ದಿನವಿಡೀ ಅಕ್ಷರಗಳನ್ನೇ ಜೋಡಿಸುವ ನನಗೆ ಎರಡು ಐದುಗಳು ಬೇರೆಯಾಗಿ ಕಂಡವು. ಮೇಲಿನದು ತೆಳುವು, ಅದರ ತಲೆಗೆರೆ ನೇರ. ಕೆಳಗಿನದು ದಪ್ಪ, ಹೊಟ್ಟೆ ಉಬ್ಬಿದ್ದು, ಸಾಲಿಗಿಂತ ಕೂದಲೆಳೆ ಕೆಳಗೆ ಕೂತಿತ್ತು. ಹಿಂದಿನ ನೀಲಿ ಬಣ್ಣ ಎಡದಿಂದ ಬಲಕ್ಕೆ ತಿಳಿಯಾಗುತ್ತ ಹೋದರೂ ಆ ಅಂಕಿಯ ಹಿಂದೆ ಮಾತ್ರ ಒಂದೇ ಬಣ್ಣದ ಚೌಕ ತೇಪೆ. '5 ವಿಕೆಟ್‌ಗಳ ಜಯ' ಎಂಬಲ್ಲಿಯೂ ಅದೇ ದಪ್ಪ ಐದು. ಅದೇ ಆ್ಯಪಿನಲ್ಲಿ ಆ ಪಂದ್ಯ ತೆರೆದೆ. 173/7. ಮೂರು ವಿಕೆಟ್‌ಗಳ ಜಯ.

"ಮಾಮಾ, ನಿಮ್ಮ ತಲಿ ಚಲೋ ಐತ್ರಿ. ಇದನ್ನ ತಿದ್ದ್ಯಾರ."

"ಯಾರು?"

ಆ ಬಗೆಯ ದಪ್ಪ ಅಂಕಿಗಳನ್ನು ನಾನು ದಿನಾ ನೋಡುತ್ತಿದ್ದೆ. ಹೂವಿನ ಚಿತ್ರದ ಮೇಲೆ ಫೋನಿನಲ್ಲೇ ತಾರೀಖು ಬರೆದು ಅವ್ವ ಮುಂಜಾನೆ ಕಳಿಸುವ ಶುಭಾಶಯಗಳಲ್ಲಿ ಅವೇ ಇರುತ್ತಿದ್ದವು. ಸಂತೆಯಲ್ಲಿ ಒಂದು ರೂಪಾಯಿ ಹೆಚ್ಚು ಬಂದರೂ ತಿರುಗಿ ಹೋಗಿ ಕೊಟ್ಟು ಬರುವ ನನ್ನವ್ವ!

ಅಲ್ಲಿಂದಲೇ ಫೋನು ಮಾಡಿ ಆ ಐದರ ಬಗ್ಗೆ ಕೇಳಿದೆ. ಅವ್ವ ಮೊದಲು ಕಿಲಕಿಲ ನಕ್ಕಳು. "ಚಾಷ್ಟಿಗಿ ಮಾಡಿದ್ನೆವಾ. ಹೆಂಗ ಕೂಡಿಸೇನಿ ನೋಡಿದ್ಯಾ?"

"ಮಾಮಾ ಡಾಕ್ಟರ್ ಕಡೆ ಹೊಂಟಾರ. ತನಗ ಮರವು ಬಂದೈತಿ ಅಂತ."

ಅವ್ವ ಫೋನು ಇಟ್ಟುಬಿಟ್ಟಳು.

ಸಂಜೆಯೊಳಗೆ ಗುಂಪಿನಲ್ಲಿ ನಿಜ ಬರೆದಳು. ಮರುದಿನ ಬಸ್ಸು ಹಿಡಿದು ಹತ್ತಿಮತ್ತೂರಿಗೆ ಬಂದಳು, ನಾನೂ ಹೋಗಿದ್ದೆ. ಮಾವ ಬೈಯಲಿಲ್ಲ. ಚಹಾ ಕೊಟ್ಟು ಮೆಲ್ಲಗೆ ಅಂದರು: "ಬ್ಯಾರೆಯವರು ಕಳಿಸಿದ್ರ ಸುಳ್ಳಂತಿದ್ನಿ. ನೀ ಕಳಿಸಿದ್ದಿ, ಅದಕ್ಕ ನನ್ನ ಕಣ್ಣನ್ನ ಸುಳ್ಳಂದ್ನಿ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳು ಅಳುವುದನ್ನು ನೋಡಿಯೂ ನನಗೆ ಅವಳ ಹತ್ತಿರ ಹೋಗಿ ಕೂರಲು ಆಗಲಿಲ್ಲ.